ಒಂದೇ ಬೀದಿಗೆ ಇಬ್ಬರು ಗಣತಿದಾರರು ಏಕೆ?

*ಮಾನ್ಯ ಸಂಪಾದಕರೇ, ಜನಗಣತಿಗೆ ನಮ್ಮ ಬೀದಿಯಲ್ಲಿ ನಮ್ಮ ಸಾಲಿಗೆ ಒಬ್ಬ ಮೇಷ್ಟ್ರು, ಎದುರು ಸಾಲಿಗೆ ಬೇರೊಬ್ಬ ಮೇಡಂ ಎಂದು ಹಂಚಿದ್ದಾರೆ. ಬೀದಿಗೊಬ್ಬರನ್ನು ಕಳಿಸಿದರೆ ಸಲೀಸಲ್ಲವೇ? ಹೀಗೆ ಊರನ್ನು ಕತ್ತರಿಸಿದರೆ ನಡುವೆ ಮನೆಗಳು ಬಿಟ್ಟುಹೋಗುವುದಿಲ್ಲವೇ?*
*– ಓದುಗರೊಬ್ಬರು, ವಿಜಯನಗರ, ಬೆಂಗಳೂರು*

ಮಾನ್ಯರೇ,

ಬಿಟ್ಟುಹೋಗಬಾರದೆಂದೇ ಹಾಗೆ ಕತ್ತರಿಸುವುದು. ಬೀದಿಗಳ ಪಟ್ಟಿ ಹಿಡಿದು ಹೊರಟವರಿಗೆ ಬೀದಿಗೆ ಸೇರದ ಜಾಗ ಕಣ್ಣಿಗೆ ಬೀಳುವುದಿಲ್ಲ. ರಾಜಕಾಲುವೆಯ ದಂಡೆಯ ಗುಡಿಸಲು, ಖಾಲಿ ಸೈಟಿನಲ್ಲಿ ಕಟ್ಟಡ ಕೆಲಸದವರು ಹಾಕಿಕೊಂಡ ತಗಡಿನ ಶೆಡ್, ಎರಡು ಬಡಾವಣೆಗಳ ನಡುವೆ ಸಿಕ್ಕಿಕೊಂಡ ಹಳೇ ತೋಟದ ಮನೆ, ಇವೆಲ್ಲ ಯಾವ ಬೀದಿಯ ಲೆಕ್ಕಕ್ಕೂ ಬರುವುದಿಲ್ಲ. ಆದ್ದರಿಂದ ಜನಗಣತಿಯವರು ಹಂಚುವುದು ಬೀದಿಯನ್ನಲ್ಲ, ನೆಲವನ್ನು. ಹಾಗೆ ಒಬ್ಬ ಗಣತಿದಾರರ ಪಾಲಿಗೆ ಬರುವ ನೆಲದ ತುಂಡೇ ಬ್ಲಾಕು. ವಾರ್ಡಿನ ಪ್ರತಿ ಚದರಡಿಯೂ ಒಂದಲ್ಲ ಒಂದು ಬ್ಲಾಕಿನೊಳಗೆ ಇರಬೇಕು, ಎರಡರಲ್ಲಿ ಇರಬಾರದು. ಇಡೀ ಏರ್ಪಾಡಿನ ಬುಡ ಇದು.

ಬ್ಲಾಕಿನ ಗಾತ್ರ ಗೊತ್ತಾಗುವುದು ಒಬ್ಬ ಮನುಷ್ಯನ ಕೆಲಸದ ಮಿತಿಯಿಂದ. 2027ರ ಜನಗಣತಿಗೆ ಗಣತಿದಾರರೊಬ್ಬರಿಗೆ 700ರಿಂದ 800 ಜನ ಎಂಬ ಅಳತೆ ಇದೆ. ಮನೆಗೆ ನಾಲ್ಕು ಜನರೆಂದರೆ 175ರಿಂದ 200 ಮನೆ. 2011ರಲ್ಲಿ ಜನರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ಇಪ್ಪತ್ತು ದಿನ. ಅಷ್ಟೇ ಅವಧಿ ಇಟ್ಟುಕೊಂಡರೂ ದಿನಕ್ಕೆ ಒಂಬತ್ತು ಹತ್ತು ಮನೆ, ಜೊತೆಗೆ ಬೀಗ ಹಾಕಿದ ಮನೆಗಳಿಗೆ ಎರಡು ಮೂರು ಸಲ ಅಲೆದಾಟ. ಶಾಲೆಯ ಕೆಲಸವನ್ನೂ ನೋಡಿಕೊಳ್ಳುವ ಶಿಕ್ಷಕರಿಗೆ ಇದಕ್ಕಿಂತ ಹೆಚ್ಚು ಹೊರಿಸಿದರೆ ಮನೆಗೆ ಹೋಗದೆ ಪಕ್ಕದವರನ್ನು ಕೇಳಿ ಬರೆದುಕೊಳ್ಳುವ ಚಾಳಿ ಶುರುವಾಗುತ್ತದೆ. ಬೀದಿಗೊಬ್ಬರು ಎಂಬ ಹಂಚಿಕೆ ಸರಿಹೋಗದಿರುವುದು ಇಲ್ಲೇ: ಒಂದು ಅಡ್ಡರಸ್ತೆಯಲ್ಲಿ ಹದಿನೈದು ಮನೆ, ಪಕ್ಕದ ಮುಖ್ಯರಸ್ತೆಯಲ್ಲಿ ಆರುನೂರು.

ಲೆಕ್ಕಕ್ಕೆಂದು 42,000 ಜನರ ಒಂದು ವಾರ್ಡನ್ನು ತೆಗೆದುಕೊಳ್ಳಿ. ಬ್ಲಾಕಿಗೆ 750 ಜನರೆಂದರೆ 56 ಬ್ಲಾಕು. ಆರು ಗಣತಿದಾರರಿಗೆ ಒಬ್ಬ ಮೇಲ್ವಿಚಾರಕರಂತೆ ಹತ್ತು ಮೇಲ್ವಿಚಾರಕರು. ಕಾಯಿಲೆ, ವರ್ಗಾವಣೆ ಎಂದು ಕೈಬಿಡುವವರ ಜಾಗಕ್ಕೆ ಶೇ. 10ರಷ್ಟು ಮೀಸಲು, ಅಂದರೆ ಇನ್ನೂ ಆರು ಗಣತಿದಾರರು. ಇವರೆಲ್ಲರ ಮೇಲೆ ಚಾರ್ಜ್ ಅಧಿಕಾರಿ. ಬ್ಲಾಕು ಯಾವ ಕಾರಣಕ್ಕೂ ವಾರ್ಡಿನ ಗಡಿ ದಾಟುವಂತಿಲ್ಲ, ಏಕೆಂದರೆ ನಗರಗಳಲ್ಲಿ ಜನಸಂಖ್ಯೆಯ ಅಂಕಿಗಳು ಪ್ರಕಟವಾಗುವುದು ವಾರ್ಡಿನ ಮಟ್ಟದವರೆಗೆ. ಗಣತಿ ಮುಗಿಯುವ ಮೊದಲೇ ವಾರ್ಡಿನ ಗೆರೆ ಕದಲಿದರೆ ಅದರೊಳಗಿನ ಬ್ಲಾಕುಗಳೆಲ್ಲ ಕದಲುತ್ತವೆ. ಹಾಗಾಗಿಯೇ ಆಡಳಿತ ಗಡಿಗಳ ಬದಲಾವಣೆ ಏನಿದ್ದರೂ 2025ರ ಡಿಸೆಂಬರ್ 31ರೊಳಗೆ ಮುಗಿಯಬೇಕೆಂದು ಮೊದಲೇ ಗಡುವು ಹಾಕಿದ್ದು.

ಇನ್ನು ನಿಮ್ಮ ಬೀದಿಯ ವಿಷಯ. ಬ್ಲಾಕಿನ ಗಡಿ ನೆಲದ ಮೇಲೆ ಕಾಣುವಂತಿರಬೇಕು. ರಸ್ತೆ, ರೈಲು ಹಳಿ, ಕಾಲುವೆ, ಪಾರ್ಕಿನ ಕಾಂಪೌಂಡು ಇದ್ದರೆ ಒಳ್ಳೆಯದು. ರಸ್ತೆಯೇ ಗಡಿಯಾದಾಗ ಅದರ ನಡುಗೆರೆಯಿಂದ ಆಚೆ ಒಂದು ಬ್ಲಾಕು, ಈಚೆ ಒಂದು. ನಿಮ್ಮ ಸಾಲು ನಿಮ್ಮ ಹಿಂದಿನ ಬೀದಿಯ ಜೊತೆ ಹೋಗಿದೆ, ಎದುರು ಸಾಲು ಅದರ ಹಿಂದಿನದರ ಜೊತೆ. ಇಬ್ಬರೂ ಗಣತಿದಾರರು ರಸ್ತೆಯಲ್ಲಿ ನಿಂತು “ಇದು ನಿಮ್ಮದು, ಇದು ನನ್ನದು” ಎಂದು ಕೈ ತೋರಿಸಿ ಹೇಳಬಹುದು. ಬದಲಿಗೆ ಮನೆಗಳ ಹಿತ್ತಿಲ ಗೋಡೆಯನ್ನು ಗಡಿ ಮಾಡಿದ್ದರೆ, ಎರಡು ರಸ್ತೆಗಳ ನಡುವಿನ ಕನ್ಸರ್ವೆನ್ಸಿಯಲ್ಲಿ ಸೇರಿಕೊಂಡ ಒಂಟಿ ಕೋಣೆ ಯಾರದ್ದೆಂದು ಇಬ್ಬರಿಗೂ ತಿಳಿಯುವುದಿಲ್ಲ.

ಹೆಚ್ಚು ಎಡವಟ್ಟಾಗುವುದು ಗಡಿಯನ್ನು ಮಾತಿನಲ್ಲಿ ಬರೆಯುವಾಗ. “ಬೇಕರಿಯಿಂದ ಮೆಡಿಕಲ್ ಶಾಪಿನವರೆಗೆ” ಎಂದು ಬರೆದಿಟ್ಟರೆ, ಗಣತಿದಾರರು ಬರುವ ಹೊತ್ತಿಗೆ ಬೇಕರಿ ಮುಂದಿನ ತಿರುವಿಗೆ ಹೋಗಿರುತ್ತದೆ. ಆಗ ಒಂದೋ ನಡುವಿನ ಹತ್ತು ಮನೆ ಇಬ್ಬರಿಗೂ ಸೇರುತ್ತದೆ, ಇಲ್ಲವೇ ಯಾರಿಗೂ ಸೇರುವುದಿಲ್ಲ. ಇಬ್ಬರಿಗೂ ಸೇರಿದ್ದು ಬೇಗ ಗೊತ್ತಾಗುತ್ತದೆ, ಮನೆಯವರೇ “ನಿನ್ನೆ ಬರೆಸಿದ್ದೀವಲ್ಲ” ಎನ್ನುತ್ತಾರೆ. ಬಿಟ್ಟದ್ದನ್ನು ಹೇಳುವವರು ಯಾರೂ ಇರುವುದಿಲ್ಲ. 2011ರ ಗಣತಿಯಾದ ಮೇಲೆ ನಡೆಸಿದ ಮರುಪರಿಶೀಲನಾ ಸಮೀಕ್ಷೆಯಲ್ಲಿ, ಎರಡು ಸಲ ಎಣಿಸಿದವರನ್ನು ಕಳೆದ ಮೇಲೂ ದೇಶದಲ್ಲಿ ಸಾವಿರಕ್ಕೆ 23 ಜನ ಬಿಟ್ಟುಹೋಗಿದ್ದರೆಂದು ತಿಳಿದುಬಂತು. 2027ರ ಗಣತಿಗೆ ಉಪಗ್ರಹ ಚಿತ್ರದ ಮೇಲೆ ಬ್ಲಾಕಿನ ಗೆರೆ ಎಳೆಯುವ ತಂತ್ರಾಂಶ ಬಂದಿರುವುದು ಈ ಒಂದು ತೊಂದರೆಗೆ ನಿಜವಾದ ಮದ್ದು ಎಂದೇ ನಮ್ಮ ಅಭಿಪ್ರಾಯ. ಆದರೆ ಮೇಲಿನಿಂದ ತೆಗೆದ ಚಿತ್ರದಲ್ಲಿ ಛಾವಣಿ ಕಾಣುತ್ತದೆಯೇ ಹೊರತು ಅದರ ಕೆಳಗೆ ಎಷ್ಟು ಬಾಗಿಲಿವೆ ಎಂಬುದಲ್ಲ.

ಅದಕ್ಕಾಗಿಯೇ ಕೆಲಸ ಎರಡು ಹಂತದಲ್ಲಿ ನಡೆಯುವುದು: ಮೊದಲು ಮನೆಗಳ ಪಟ್ಟಿ, ಆಮೇಲೆ ಜನರ ಎಣಿಕೆ. ಮೊದಲ ಹಂತದ ಮನೆಪಟ್ಟಿ ಬ್ಲಾಕುಗಳನ್ನು ಮಾಡುವುದು ಹಳೆಯ ಗಣತಿಯ ಅಂಕಿಗೆ ಅಂದಾಜಿನ ಬೆಳವಣಿಗೆ ಸೇರಿಸಿ. ಗಣತಿದಾರರು ಮೊದಲು ಸುತ್ತುಗಡಿ ನಡೆದು ನೋಡಿ, ನಕ್ಷೆ ಬರೆದು, ವಾಯವ್ಯ ಮೂಲೆಯಿಂದ ಆಗ್ನೇಯದ ಕಡೆಗೆ ಕಟ್ಟಡಗಳಿಗೆ ಸಂಖ್ಯೆ ಕೊಡುತ್ತಾ ಹೋಗುವುದು 2011ರವರೆಗೂ ನಡೆದುಬಂದ ಕ್ರಮ. ಬೀದಿಯ ಒಂದು ಬದಿ ಮುಗಿಸಿಯೇ ಇನ್ನೊಂದು ಬದಿಗೆ ದಾಟುತ್ತಾರೆ. ಪಕ್ಕಾ ವಾಸದ ಕಟ್ಟಡಕ್ಕೆ ಚೌಕ, ಕಚ್ಚಾ ಮನೆಗೆ ತ್ರಿಕೋನ, ವಾಸವಿಲ್ಲದ ಕಟ್ಟಡವಾದರೆ ಒಳಗೆ ಗೆರೆ ತುಂಬುತ್ತಾರೆ. ಹತ್ತನೆಯ ಕಟ್ಟಡದಲ್ಲಿ ರಸ್ತೆಗೋ ಮೆಟ್ಟಿಲಿಗೋ ತೆರೆಯುವ ಬೇರೆಬೇರೆ ಮುಖ್ಯ ಬಾಗಿಲುಗಳ ಮೂರು ಮನೆಗಳಿದ್ದರೆ 10(1), 10(2), 10(3). ಹತ್ತು ಮತ್ತು ಹನ್ನೊಂದರ ನಡುವೆ ಹೊಸ ಕಟ್ಟಡ ಎದ್ದಿದ್ದರೆ ಅದು 10/1. ಉಳಿದವುಗಳ ಸಂಖ್ಯೆ ಬದಲಿಸಬೇಕಿಲ್ಲ. ಖಾತಾ ಸಂಖ್ಯೆಗೂ ಇದಕ್ಕೂ ನಂಟಿಲ್ಲ.

ಈ ಪಟ್ಟಿ ಕೈಗೆ ಬಂದಾಗಲೇ ಅಂದಾಜು ಎಷ್ಟು ಸರಿ ಎಂದು ತಿಳಿಯುವುದು. 2011ರಲ್ಲಿ 640 ಜನರಿದ್ದ ಬ್ಲಾಕಿನ ಗ್ಯಾರೇಜ್ ಜಾಗದಲ್ಲಿ ಈಗ 180 ಫ್ಲ್ಯಾಟುಗಳ ಸಮುಚ್ಚಯ ಎದ್ದಿದೆ ಎಂದುಕೊಳ್ಳಿ. ಫ್ಲ್ಯಾಟಿಗೆ ಮೂವರಂತೆ 540, ಹಳೆಯ 640; ಒಟ್ಟು 1,180. ಒಬ್ಬರಿಂದ ಆಗದು. ಎರಡನೆಯ ಹಂತಕ್ಕೆ ಅದನ್ನು ಎರಡು ಗಣತಿ ಬ್ಲಾಕುಗಳಾಗಿ ಒಡೆಯುತ್ತಾರೆ: ಸಮುಚ್ಚಯದ ಕಾಂಪೌಂಡೇ ಒಂದು, ಉಳಿದದ್ದು ಇನ್ನೊಂದು. ಎರಡನ್ನೂ ಸಮಾನವಾಗಿ 590ಕ್ಕೆ ತರಲು ಹೋಗಿ ಸಮುಚ್ಚಯದ ಜೊತೆ ಎದುರಿನ ಹನ್ನೆರಡು ಮನೆ ಸೇರಿಸಿದರೆ ಗಡಿ ಕೆಡುತ್ತದೆ. ಅಂಕಿ ಸ್ವಲ್ಪ ಏರುಪೇರಾದರೂ ಗೆರೆ ಸ್ಪಷ್ಟವಾಗಿರುವುದೇ ಮೇಲು. ಸ್ಲಂಗಳನ್ನೂ ಹೀಗೆಯೇ ಪಕ್ಕದ ಬಡಾವಣೆಯೊಂದಿಗೆ ಬೆರೆಸದೆ ಪ್ರತ್ಯೇಕ ಬ್ಲಾಕು ಮಾಡುತ್ತಾರೆ, ಇಲ್ಲವಾದರೆ ಅವುಗಳ ಅಂಕಿ ಮುಂದೆ ಬೇರೆ ತೆಗೆಯಲಾಗದು.

ನಿಮ್ಮ ಬೀದಿಯಲ್ಲಿ ಏನಾದರೂ ಬಿಟ್ಟುಹೋಗಿದೆಯೇ ಎಂದು ನೀವೇ ನೋಡಬಹುದು. ಹಿಂಬದಿಯಿಂದ ಮೆಟ್ಟಿಲಿರುವ ಮೇಲ್ಮಹಡಿಯ ಬಾಡಿಗೆ ಕೋಣೆ, ಅಂಗಡಿಯ ಒಳಗೇ ಮಲಗುವ ಹುಡುಗರು, ವಾಚ್‌ಮನ್ ಕುಟುಂಬದ ಕೋಣೆ, ಎದುರಿನ ಕಟ್ಟಡ ಕೆಲಸದ ಶೆಡ್, ಇವರಲ್ಲಿ ಯಾರನ್ನೂ ಗಣತಿದಾರರು ಮಾತಾಡಿಸಿರದಿದ್ದರೆ ನಿಮ್ಮ ಸಾಲಿಗೆ ಬಂದ ಮೇಷ್ಟ್ರಿಗೆ ಹೇಳಿ. ಅದು ಎದುರು ಬ್ಲಾಕಿಗೆ ಸೇರಿದ್ದರೆ ಅವರು ಮೇಲ್ವಿಚಾರಕರ ಮೂಲಕ ಆ ಮೇಡಂಗೆ ತಿಳಿಸಬೇಕು.

– ಸಂಪಾದಕ