ಗಲ್ಫ್‌ನಿಂದ ವಾಪಸ್ ಬರುವಾಗ ಸಿಗುವ ಗ್ರಾಚ್ಯುಟಿ ದುಡ್ಡನ್ನು ಏನು ಮಾಡಬೇಕು?

ಪ್ರಶ್ನೆ: ದುಬೈನಲ್ಲಿ 18 ವರ್ಷ ಕೆಲಸ ಮಾಡಿ ಮಾರ್ಚ್‌ನಲ್ಲಿ ಊರಿಗೆ (ಕುಂದಾಪುರ ಹತ್ತಿರ) ಬಂದು ನೆಲೆಸಬೇಕು ಅಂತಿದ್ದೇನೆ. ವಯಸ್ಸು 54. ಸಂಬಳ 6,500 ದಿರ್ಹಮ್, ಅದರಲ್ಲಿ ಬೇಸಿಕ್ 4,000. ಗ್ರಾಚ್ಯುಟಿ ಎಷ್ಟು ಬರಬಹುದು? ಮನೆಯವರು ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಕೊಡೋಣ ಅಂತಾರೆ. ಸರಿನಾ?

ಉತ್ತರ: ನಾನು ಶಾರ್ಜಾದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಕೆಲಸ ಬಿಟ್ಟು ಹೋಗುವವರ ಸೆಟ್ಲ್‌ಮೆಂಟ್ ಹಾಳೆ ತಯಾರಾಗುತ್ತಿದ್ದದ್ದು ನನ್ನ ಮೇಜಿನಲ್ಲೇ. ಅದೇ ಅನುಭವದಿಂದ ಹೇಳುತ್ತೇನೆ.

ಮೊದಲು ಲೆಕ್ಕ. ಗ್ರಾಚ್ಯುಟಿ ಸಿಗುವುದು ಬೇಸಿಕ್ ಮೇಲೆ ಮಾತ್ರ. ಮನೆ ಬಾಡಿಗೆ, ಸಾರಿಗೆ ಭತ್ಯೆ ಯಾವುದೂ ಸೇರುವುದಿಲ್ಲ. ನಿಮ್ಮ 6,500 ಮರೆತುಬಿಡಿ, 4,000 ಹಿಡಿಯಿರಿ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ್ದು. ಮೊದಲ 5 ವರ್ಷಕ್ಕೆ 105 ದಿನ ಆಯಿತು, ಅಂದರೆ 14,000 ದಿರ್ಹಮ್. ಉಳಿದ 13 ವರ್ಷಕ್ಕೆ 13 ತಿಂಗಳು, ಅಂದರೆ 52,000. ಒಟ್ಟು 66,000 ದಿರ್ಹಮ್. ದಿರ್ಹಮಿಗೆ 24 ರೂಪಾಯಿ ಅಂತ ಹಿಡಿದರೆ 15.84 ಲಕ್ಷ. ಸಂಬಳವಿಲ್ಲದ ರಜೆ ಹಾಕಿದ್ದರೆ ಆ ದಿನಗಳು ಕಳೆಯುತ್ತವೆ. ರಾಜೀನಾಮೆ ಕೊಟ್ಟರೆ ಅರ್ಧ ಹೋಗುತ್ತದೆ ಅನ್ನುವ ಮಾತು ಈಗಲೂ ಕ್ಯಾಂಪುಗಳಲ್ಲಿ ಓಡಾಡುತ್ತದೆ. 2022ರ ಫೆಬ್ರವರಿಯಿಂದ ಹೊಸ ಕಾನೂನು ಬಂದ ಮೇಲೆ ಆ ಕಡಿತ ಇಲ್ಲ. (ದುಬೈನ ಹಣಕಾಸು ವಲಯ ಡಿಐಎಫ್‌ಸಿ ಒಳಗಿನ ಕಂಪನಿಯಾದರೆ ನಿಯಮ ಬೇರೆ.)

ಸೆಟ್ಲ್‌ಮೆಂಟ್ ಹಾಳೆ ಕೈಗೆ ಬಂದಾಗ ಮೂರು ಸಾಲು ನೋಡಿ. ಕೆಲಸಕ್ಕೆ ಸೇರಿದ ತಾರೀಕು, ಬೇಸಿಕ್, ಉಳಿದ ರಜೆಯ ದಿನಗಳು. ತಪ್ಪು ಆಗುವುದು ಹೆಚ್ಚಾಗಿ ಸೇರಿದ ತಾರೀಕಿನಲ್ಲಿ. ಕಂಪನಿ ಮಧ್ಯದಲ್ಲಿ ಲೈಸೆನ್ಸ್ ಹೆಸರು ಬದಲಿಸಿ ನಿಮ್ಮ ವೀಸಾ ಹೊಸದಾಗಿ ಮಾಡಿಸಿದ್ದರೆ, ಹಾಳೆಯಲ್ಲಿ ಆ ಹೊಸ ತಾರೀಕೇ ಕೂತಿರುತ್ತದೆ. ಹಳೆಯ ವರ್ಷಗಳ ದುಡ್ಡು ಆಗಲೇ ಕೊಟ್ಟಿದ್ದಾರಾ ಇಲ್ವಾ ಅಂತ ಬರಹದಲ್ಲಿ ಕೇಳಿ. ಹಣವೆಲ್ಲ ಬಂತು ಅನ್ನುವ ಕಾಗದಕ್ಕೆ ಹಣ ಬರುವ ಮೊದಲೇ ಸಹಿ ಹಾಕಬೇಡಿ. ಕೆಲಸ ಮುಗಿದ 14 ದಿನದೊಳಗೆ ಕೊಡಬೇಕು ಅಂತ ಕಾನೂನೇ ಇದೆ.

ಆ ದುಡ್ಡು ಮೊದಲು ನಿಮ್ಮ ದುಬೈ ಬ್ಯಾಂಕ್ ಖಾತೆಗೆ ಬರಲಿ. ಅಲ್ಲಿಂದ ನೀವು ಊರಿಗೆ ಕಳಿಸಿ. "ನೇರವಾಗಿ ಇಂಡಿಯಾ ಖಾತೆಗೇ ಹಾಕಿಬಿಡಿ" ಅಂತ ಎಚ್‌ಆರ್‌ಗೆ ಹೇಳುವವರಿದ್ದಾರೆ. ಅದು ಬೇಡ. ಅನಿವಾಸಿಗೆ ಹೊರದೇಶದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ, ಆದರೆ ಆ ಹಣ ಮೊದಲು ಕೈಸೇರಿದ್ದೇ ಭಾರತದಲ್ಲಿ ಅಂದರೆ ತೆರಿಗೆ ಇಲಾಖೆ ಪ್ರಶ್ನೆ ಎತ್ತಲು ಜಾಗ ಸಿಗುತ್ತದೆ. ಅಲ್ಲಿ ಪಡೆದು ಆಮೇಲೆ ಕಳಿಸಿದರೆ ಆ ಜಗಳವೇ ಇಲ್ಲ. ಕ್ರೆಡಿಟ್ ಕಾರ್ಡ್ ಅಥವಾ ಸಾಲ ಬಾಕಿ ಇದ್ದರೆ ಕೊನೆಯ ಹಣ ಬಂದ ತಕ್ಷಣ ಬ್ಯಾಂಕ್ ತಡೆಹಿಡಿಯಬಹುದು. ಅದನ್ನು ಮೊದಲೇ ತೀರಿಸಿ, ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳಿ. ಖಾತೆ ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಊರಿಗೆ ಬಂದ ಮೇಲೆ ಬ್ಯಾಂಕಿಗೆ ಹೋಗಿ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆ ಮಾಡಿಸಿ. ಇದನ್ನು ತುಂಬಾ ಜನ ಬೇಕಂತಲೇ ಮುಂದೂಡುತ್ತಾರೆ, ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ತೆರಿಗೆ ಇಲ್ಲ ಅಂತ. ಆದರೆ ಖಾತೆಯ ಹೆಸರು ಏನೇ ಇರಲಿ, ನೆಲೆಸಲು ಅಂತ ವಾಪಸ್ ಬಂದ ದಿನದಿಂದ ಆ ವಿನಾಯಿತಿ ಹೋಗುತ್ತದೆ. ಮುಂದಿನ ಸುಮಾರು ಎರಡು ವರ್ಷ ನಿಮಗೆ ಹೊರದೇಶದ ಆದಾಯಕ್ಕೆ ಇಲ್ಲಿ ತೆರಿಗೆ ಬರುವುದಿಲ್ಲ, ನಿಜ. ಆ ರಿಯಾಯಿತಿ ಇಲ್ಲಿನ ಎಫ್‌ಡಿ ಬಡ್ಡಿಗೆ ಅನ್ವಯಿಸುವುದಿಲ್ಲ. ಸ್ವಲ್ಪ ಹಣ ಡಾಲರ್‌ನಲ್ಲೇ ಇಡುವ ಆಸೆ ಇದ್ದರೆ ಆರ್‌ಎಫ್‌ಸಿ ಖಾತೆ ಕೇಳಿ. ಆ ಎರಡು ವರ್ಷ ಅದರ ಬಡ್ಡಿಗೆ ತೆರಿಗೆ ಇಲ್ಲ.

ಇನ್ನು ಮಹಡಿ ವಿಷಯ. ಮನೆ ಖರ್ಚು ತಿಂಗಳಿಗೆ 25,000 ಅಂತ ಇಟ್ಟುಕೊಳ್ಳಿ. 15.84 ಲಕ್ಷವನ್ನು ಅದರಿಂದ ಭಾಗಿಸಿದರೆ 63 ತಿಂಗಳು. ಹದಿನೆಂಟು ವರ್ಷದ ಗ್ರಾಚ್ಯುಟಿ ಅಂದರೆ ಐದು ವರ್ಷದ ಮನೆ ಖರ್ಚು, ಅಷ್ಟೇ. ಈ ಲೆಕ್ಕವನ್ನು ಮನೆಯವರ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದು ನೋಡಿ. ಸಾವಿರ ಚದರಡಿ ಮಹಡಿಗೆ ಚದರಡಿಗೆ 2,000 ಅಂದರೂ 20 ಲಕ್ಷ. ಗ್ರಾಚ್ಯುಟಿ ಪೂರ್ತಿ ಹೋಗಿ ಮೇಲೆ ಸಾಲ ಬೇರೆ. ತಿಂಗಳಿಗೆ 8,000 ಬಾಡಿಗೆ ಬಂದರೆ ವರ್ಷಕ್ಕೆ 96,000. ಅಂದರೆ ನೂರಕ್ಕೆ 5 ಕೂಡ ಇಲ್ಲ, ಬಣ್ಣ, ರಿಪೇರಿ, ಖಾಲಿ ಬಿದ್ದ ತಿಂಗಳು ಎಲ್ಲ ಅದರಲ್ಲೇ. ಅಷ್ಟಕ್ಕೂ ಆಸ್ಪತ್ರೆಗೆ ಎರಡು ಲಕ್ಷ ಬೇಕು ಅಂದರೆ ಸ್ಲ್ಯಾಬ್ ಮಾರಲು ಆಗುತ್ತಾ? ನನ್ನ ಪ್ರಕಾರ ಈ ದುಡ್ಡಿನಲ್ಲಿ ಮಹಡಿ ಬೇಡವೇ ಬೇಡ. ಸೋರುವ ಹಂಚು ಸರಿ ಮಾಡಿಸಿ, ಸಾಕು.

ಹಾಗಾದರೆ ಎಲ್ಲಿಡುವುದು? 3 ಲಕ್ಷ ಉಳಿತಾಯ ಖಾತೆಯಲ್ಲಿ ಇರಲಿ, ಮೊದಲ ವರ್ಷದ ಖರ್ಚಿಗೆ. ಪೋಸ್ಟ್ ಆಫೀಸಿನ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಹೆಸರಲ್ಲಿ 9 ಲಕ್ಷದವರೆಗೆ ಇಡಬಹುದು. ಬಡ್ಡಿ ಶೇ. 7.4 ಆದರೆ ತಿಂಗಳಿಗೆ 5,550 ಬರುತ್ತದೆ. ಅನಿವಾಸಿಗಳಿಗೆ ಇದು ಸಿಗುವುದಿಲ್ಲ, ಹಾಗಾಗಿ ನಿವಾಸಿ ಖಾತೆ ಆದ ಮೇಲೇ ಹೋಗಿ. ಒಂದು ವರ್ಷ ಅದನ್ನು ಮುಟ್ಟುವಂತಿಲ್ಲ, ಆಮೇಲೆ 3 ವರ್ಷದೊಳಗೆ ತೆಗೆದರೆ ಶೇ. 2 ಕಡಿತ. ಉಳಿದ 3.84 ಲಕ್ಷವನ್ನು ಎರಡು ಮೂರು ಎಫ್‌ಡಿಯಾಗಿ ಒಡೆದು ಬ್ಯಾಂಕಿನಲ್ಲಿಡಿ, ಬೇಕಾದಾಗ ಒಂದನ್ನು ಮಾತ್ರ ಮುರಿಯಬಹುದು. 60 ತುಂಬಿದ ಮೇಲೆ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ವರ್ಗಾಯಿಸಿ.

ನಮ್ಮ ಕರಾವಳಿಯಲ್ಲಿ ಪೇಟೆಗೆ ನಾಲ್ಕು ಸಹಕಾರಿ ಸಂಘ, ಸೌಹಾರ್ದ ಇವೆ. ಬಡ್ಡಿ ಒಂದೆರಡು ಜಾಸ್ತಿ ಕೊಡುತ್ತಾರೆ, ಪಿಗ್ಮಿಯವರು ಮನೆಗೇ ಬಂದು ಕೇಳುತ್ತಾರೆ. ಪರಿಚಯದ ಮುಖ ಇದ್ದಾಗ ಇಲ್ಲ ಅನ್ನುವುದು ಕಷ್ಟ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸಂಘದ ಠೇವಣಿಗೆ ಅದು ಇಲ್ಲ. ಚಿಕ್ಕ ಮೊತ್ತ ಇಡಿ ಬೇಕಾದರೆ, ಗ್ರಾಚ್ಯುಟಿ ಬೇಡ.

5,550ರಲ್ಲಿ 25,000ದ ಮನೆ ನಡೆಯುವುದಿಲ್ಲ ಅಂತ ನಿಮಗೂ ಕಾಣುತ್ತದೆ. ನಿಮ್ಮ ಹಳೆಯ ಉಳಿತಾಯ ಇರಬಹುದು, ಆದರೂ 54ಕ್ಕೆ ತಿಂಗಳಿಗೆ 12–15 ಸಾವಿರ ತರುವ ಒಂದು ಕೆಲಸ ಬೇಕೇ ಬೇಕು. ಅದು ಮೊದಲ ವರ್ಷದಲ್ಲೇ ಸಿಕ್ಕರೆ ಗ್ರಾಚ್ಯುಟಿ ಐದರ ಬದಲು ಹತ್ತು ವರ್ಷ ಜೊತೆಗಿರುತ್ತದೆ. ಅಂಗಡಿ, ಪಾಲುದಾರಿಕೆ ಅಂತ ಯಾರಾದರೂ ಬಂದರೆ ಆ ವರ್ಷ ಮುಗಿಯುವವರೆಗೆ ಕಾಯಿಸಿ.

ಒಂದು ಕೆಲಸ ಮಾತ್ರ ಮಾರ್ಚ್‌ವರೆಗೂ ಕಾಯಬಾರದು, ಆರೋಗ್ಯ ವಿಮೆ. ಕಂಪನಿಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಇಲ್ಲಿ ಹೊಸ ಪಾಲಿಸಿ ಮಾಡಿದರೆ ಈಗಾಗಲೇ ಇರುವ ಸಕ್ಕರೆ, ಬಿಪಿಗೆ 3 ವರ್ಷದವರೆಗೆ ಕಾಯಿಸಬಹುದು. ಅನಿವಾಸಿಯಾಗಿರುವಾಗಲೂ ಭಾರತದ ಪಾಲಿಸಿ ತೆಗೆದುಕೊಳ್ಳಬಹುದು. ನಿಮಗೂ ಮನೆಯವರಿಗೂ ಸೇರಿಸಿ ಈಗಲೇ ಅರ್ಜಿ ಹಾಕಿ, ಇರುವ ಕಾಯಿಲೆಯನ್ನು ಮುಚ್ಚಿಡದೆ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ಬಂದ ದಿನ ಅದನ್ನೇ ಹಿಡಿದು ತಿರಸ್ಕರಿಸುತ್ತಾರೆ.