ಇಡೀ ರಾತ್ರಿ ಆಟದ 22 ಜಿಬಿ ವಿಡಿಯೋ: ಜೋಡಿಸಿದ ಮೇಲೆ ಯಾಕೆ ಕೆಡುತ್ತದೆ

ಪ್ರಶ್ನೆ: «ನಮ್ಮೂರಿನ ಇಡೀ ರಾತ್ರಿ ಯಕ್ಷಗಾನ ಆಟದ ರೆಕಾರ್ಡಿಂಗ್ ಒಂದೇ ಎಂಕೆವಿ ಫೈಲ್, 22 ಜಿಬಿ. ಮಸ್ಕತ್‌ನಲ್ಲಿರುವ ಅಣ್ಣನಿಗೆ 1900 ಎಂಬಿಯ 12 ತುಂಡು ಮಾಡಿ ಕಳಿಸಿದೆ. yaksha.mkv.1 ರಿಂದ yaksha.mkv.12 ರವರೆಗೆ. ಅವನು ವಿಂಡೋಸ್‌ನಲ್ಲಿ ಎಲ್ಲ ಸೇರಿಸಿದ. ಸೈಜ್ ಸರಿಯಾಗಿಯೇ ಬಂತು. ಆದರೆ 45 ನಿಮಿಷ ಚೆನ್ನಾಗಿ ಓಡಿ, ಆಮೇಲೆ ಚಿತ್ರ ಕೆಟ್ಟು ಸೀದಾ ಬೆಳಗಿನ ಜಾವದ ಭಾಗಕ್ಕೆ ಹಾರುತ್ತದೆ. ಎಲ್ಲ ಮತ್ತೆ ಕಳಿಸಬೇಕಾ?»

ಬೇಡ ಮಾರಾಯ್ರೇ, ಯಾವುದನ್ನೂ ಮತ್ತೆ ಕಳಿಸಬೇಡಿ. ತುಂಡುಗಳು ಬಹುಶಃ ಸರಿಯಾಗಿಯೇ ಇವೆ. ಜೋಡಿಸಿದ ಕ್ರಮ ತಪ್ಪಿದೆ, ಅಷ್ಟೆ.

ಹೇಗೆ ಗೊತ್ತಾಯಿತು ಅಂದರೆ, ಆ 45 ನಿಮಿಷವೇ ಹೇಳುತ್ತಿದೆ. ನಿಮ್ಮ ಆಟ ಸುಮಾರು ಒಂಬತ್ತು ಗಂಟೆಯದ್ದು ಅಂತ ಹಿಂದೆ ಬರೆದಿದ್ದಿರಿ. ಅದನ್ನು 12 ಮಾಡಿದರೆ ಒಂದು ತುಂಡಿಗೆ ಮುಕ್ಕಾಲು ಗಂಟೆ ಚಿಲ್ಲರೆ ಬರುತ್ತದೆ. ಅಂದರೆ ಮೊದಲ ತುಂಡು ಪೂರ್ತಿ ಓಡಿದೆ, ಎರಡನೇ ತುಂಡು ಇರಬೇಕಾದ ಜಾಗದಲ್ಲಿ ಬೇರೆ ಏನೋ ಕೂತಿದೆ. ಆ ಬೇರೆ ಏನೋ ಹತ್ತನೇ ತುಂಡು. ಹೀಗೆ ಜೋಡಿಸುವಾಗ ಕಂಪ್ಯೂಟರ್ ಹೆಸರನ್ನು ಅಂಕಿಯಾಗಿ ಓದುವುದಿಲ್ಲ, ಅಕ್ಷರ ಅಕ್ಷರವಾಗಿ ಓದುತ್ತದೆ. ಹಾಗಾಗಿ ಅದರ ಲೆಕ್ಕದಲ್ಲಿ 1 ಆದ ಮೇಲೆ 10, 11, 12, ಆಮೇಲೆ 2. ಹತ್ತನೇ ತುಂಡು ಶುರುವಾಗುವುದು ಆಟದ ಏಳನೇ ಗಂಟೆಯ ಹತ್ತಿರ. ರಾತ್ರಿ ಒಂಬತ್ತೂವರೆಗೆ ಶುರುವಾದ ಆಟ ಆದರೆ ಬೆಳಗಿನ ಜಾವ ನಾಲ್ಕು ದಾಟಿರುತ್ತದೆ. ಒಡ್ಡೋಲಗ ನೋಡುತ್ತಿದ್ದವರಿಗೆ ಒಮ್ಮೆಲೇ ಕೊನೆಯ ಯುದ್ಧದ ಚೆಂಡೆ ಕೇಳಿಸಿದ್ದು ಅದಕ್ಕೇ. ಎಂಕೆವಿ ಆದದ್ದರಿಂದ ಇಷ್ಟಾದರೂ ಓಡಿತು. ಎಂಪಿ4 ಆಗಿದ್ದರೆ ತೆರೆಯುವುದೇ ಕಷ್ಟವಿತ್ತು.

ಮೇಲೆ ಭಟ್ರು "ಸೈಜ್ ಸರಿ ಇದ್ದರೆ ಫೈಲ್ ಸರಿ, ಪ್ಲೇಯರ್ ಬದಲಿಸಿ ನೋಡಿ" ಅಂದಿದ್ದಾರೆ. ಭಟ್ರೇ, ಅರ್ಧ ಒಪ್ಪುತ್ತೇನೆ. ಸೈಜ್ ಕಮ್ಮಿ ಬಂದರೆ ಫೈಲ್ ಖಂಡಿತ ತಪ್ಪು. ಆದರೆ ಸೈಜ್ ಸರಿ ಬಂದ ಮಾತ್ರಕ್ಕೆ ಸರಿ ಅಂತ ಅಲ್ಲ. ಹನ್ನೆರಡು ತುಂಡನ್ನು ಹೇಗೆ ಕಲಸಿ ಜೋಡಿಸಿದರೂ ಮೊತ್ತ ಅಷ್ಟೇ ಅಲ್ವಾ?

ಈಗ ಅಣ್ಣ ಮಾಡಬೇಕಾದ್ದು ಇಷ್ಟು. ಸಿ ಡ್ರೈವಿನಲ್ಲೋ ಡಿ ಡ್ರೈವಿನಲ್ಲೋ ಹೊಸ ಫೋಲ್ಡರ್ ಮಾಡಿ ಹನ್ನೆರಡು ತುಂಡು ಮಾತ್ರ ಅದಕ್ಕೆ ಹಾಕಲಿ. ಮೊದಲು ಜೋಡಿಸಿದ ಕೆಟ್ಟ ಫೈಲ್ ಅಲ್ಲಿ ಇರಬಾರದು. ಪೆನ್‌ಡ್ರೈವ್ ಮೇಲೆ ಈ ಕೆಲಸ ಬೇಡ, ಅಲ್ಲಿ ತುಂಡುಗಳು ಹೆಸರಿನ ಕ್ರಮ ಬಿಟ್ಟು ಕಾಪಿ ಆದ ಕ್ರಮದಲ್ಲಿ ಬರುವುದುಂಟು. ತುಂಡು 22 ಜಿಬಿ, ಜೋಡಿಸಿದ್ದು ಇನ್ನೊಂದು 22 ಜಿಬಿ. ಹಾಗಾಗಿ ಡಿಸ್ಕಿನಲ್ಲಿ ತುಂಡುಗಳನ್ನು ಬಿಟ್ಟು ಮತ್ತೆ 25 ಜಿಬಿಯಾದರೂ ಖಾಲಿ ಇರಲಿ. ಆ ಫೋಲ್ಡರ್ ತೆರೆದು ಮೇಲಿನ ವಿಳಾಸದ ಪಟ್ಟಿಯಲ್ಲಿ cmd ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಮೊದಲು ಒಂದಂಕಿಯ ಒಂಬತ್ತು ಹೆಸರುಗಳಲ್ಲಿ ಅಂಕಿಗಿಂತ ಮೊದಲು ಸೊನ್ನೆ ಸೇರಿಸಬೇಕು:

```
for %i in (1 2 3 4 5 6 7 8 9) do ren yaksha.mkv.%i yaksha.mkv.0%i
```

ಆಮೇಲೆ ಜೋಡಣೆ:

```
copy /b yaksha.mkv.* jodi.mkv
```

ಎಂಟರ್ ಒತ್ತಿದ ಮೇಲೆ ಎದ್ದು ಹೋಗಬೇಡಿ ಅಂತ ಅಣ್ಣನಿಗೆ ಹೇಳಿ. ಯಾವ ತುಂಡು ಸೇರುತ್ತಿದೆಯೋ ಅದರ ಹೆಸರು ಪರದೆಯ ಮೇಲೆ ಒಂದೊಂದಾಗಿ ಮೂಡುತ್ತದೆ. 01, 02, 03 ಅಂತ ಸಾಲಾಗಿ ಬರಬೇಕು. ಎಲ್ಲಾದರೂ ಕ್ರಮ ತಪ್ಪಿ ಬಂದರೆ ಅಲ್ಲೇ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ. ಮೊದಲ ಸಲ ಇದನ್ನು ನೋಡಿದ್ದರೆ ಆ 10 ಎರಡನೇ ಸಾಲಿನಲ್ಲೇ ಕಾಣುತ್ತಿತ್ತು.

ಆ /b ಬಿಡಬೇಡಿ. ಅದಿಲ್ಲದೆ ಹಲವು ಫೈಲ್ ಸೇರಿಸಲು ಹೇಳಿದರೆ ವಿಂಡೋಸ್ ಅವನ್ನು ಬರಹದ ಫೈಲ್ ಅಂದುಕೊಳ್ಳುತ್ತದೆ. ಬರಹದಲ್ಲಿ 'ಇಲ್ಲಿಗೆ ಮುಗಿಯಿತು' ಅಂತ ಹೇಳುವ ಹಳೇ ಕಾಲದ ಒಂದು ಗುರುತಿದೆ. ವಿಡಿಯೋದ ಒಳಗೆ ಅದೇ ಬೈಟ್ ಎಲ್ಲೆಂದರಲ್ಲಿ ಸಿಗುತ್ತದೆ. ಸಿಕ್ಕಲ್ಲೇ ಆ ತುಂಡನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. 22 ಜಿಬಿ ಹೋಗಿ ಕೆಲವು ಕೆಬಿ ಫೈಲ್ ಬಂದರೆ ಕಾರಣ ಇದೇ.

ಇನ್ನು ನಿಜವಾಗಿ ಸರಿ ಆಯಿತಾ ಅಂತ ತಿಳಿಯುವುದು. ಒಂಬತ್ತು ಗಂಟೆ ಕೂತು ನೋಡುವವರು ಯಾರು? ನೀವು ಇಲ್ಲಿ ಮೂಲ ಫೈಲಿನ ಮೇಲೆ ಇದನ್ನು ಓಡಿಸಿ:

```
certutil -hashfile yaksha.mkv SHA256
```

ಅಣ್ಣ ಅಲ್ಲಿ jodi.mkv ಹೆಸರು ಹಾಕಿ ಇದನ್ನೇ ಓಡಿಸಲಿ. ಹಳೇ ಹಾರ್ಡ್ ಡಿಸ್ಕ್ ಆದರೆ ನಾಲ್ಕೈದು ನಿಮಿಷ ಏನೂ ಕಾಣದೆ ಸುಮ್ನೆ ಇರುತ್ತದೆ, ಗಾಬರಿ ಬೇಡ. ಕೊನೆಗೆ 64 ಅಕ್ಷರದ ಒಂದು ಸಾಲು ಬರುತ್ತದೆ. ಎರಡೂ ಕಡೆ ಒಂದೇ ಸಾಲು ಬಂದರೆ ಫೈಲ್ ಒಂದೇ, ಒಂದು ಬೈಟ್ ಕೂಡ ಆಚೀಚೆ ಇಲ್ಲ. ಫೋನಿನಲ್ಲಿ ಓದಿ ಹೇಳುವುದಾದರೆ ಮೊದಲ ಆರು, ಕೊನೆಯ ಆರು ಅಕ್ಷರ ತಾಳೆ ನೋಡಿದರೆ ಸಾಕು. ಫೈಲ್ ಕೆಟ್ಟಿದ್ದರೆ ಸಾಲು ಪೂರ್ತಿ ಬೇರೆಯೇ ಬಂದಿರುತ್ತದೆ.

ಬೇರೆ ಬಂದರೆ? ಆಗ ಒಂದೊಂದು ತುಂಡಿಗೂ ಇದನ್ನೇ ಮಾಡಿ ನಿಮ್ಮ ಕಡೆಯದರ ಜೊತೆ ಹೋಲಿಸಿ. ಯಾವುದು ಹೊಂದುವುದಿಲ್ಲವೋ ಅದೊಂದನ್ನು ಕಳಿಸಿದರೆ ಆಯಿತು. ಅದಕ್ಕಿಂತ ಮೊದಲು ಇನ್ನೊಂದು ಸುಲಭದ ಪರೀಕ್ಷೆ ಇದೆ. ತುಂಡಿನ ಮೇಲೆ ರೈಟ್ ಕ್ಲಿಕ್ ಮಾಡಿ Properties ನೋಡಿ. 1900 ಎಂಬಿ ತುಂಡು ಅಂದರೆ 1,99,22,94,400 ಬೈಟ್. ಮೊದಲ ಹನ್ನೊಂದೂ ಬೈಟಿಗೆ ಬೈಟ್ ಅಷ್ಟೇ ಇರಬೇಕು. ಕೊನೆಯದು ಮಾತ್ರ ಚಿಕ್ಕದು. ನೀವು ಹಾಕಿದ ಸ್ಕ್ರೀನ್‌ಶಾಟ್‌ನಲ್ಲಿ ಪೂರ್ತಿ ಫೈಲ್ 23,64,18,72,190 ಬೈಟ್ ಇದೆ. ಅದರಲ್ಲಿ ಹನ್ನೊಂದು ತುಂಡು ಕಳೆದರೆ ಕೊನೆಯದಕ್ಕೆ 1,72,66,33,790 ಉಳಿಯುತ್ತದೆ.

ಈ ಬೈಟ್ ಲೆಕ್ಕ ನಾನು ಕಲಿತದ್ದು ಪೆಟ್ಟು ತಿಂದು. ಒಮ್ಮೆ ತಾಳಮದ್ದಳೆಯ ರೆಕಾರ್ಡಿಂಗ್ ಇಳಿಸುವಾಗ ಏಳನೇ ತುಂಡಿನ ನಡುವೆ ಕರೆಂಟು ಹೋಯಿತು. ಮತ್ತೆ ಇಳಿಸಿದೆ. ಬ್ರೌಸರ್ ಹೊಸದಕ್ಕೆ ಹೆಸರಿನ ಕೊನೆಗೆ (1) ಅಂಟಿಸಿ ಪಕ್ಕದಲ್ಲಿ ಇಟ್ಟಿತ್ತು. ನಾನು (1) ಇದ್ದದ್ದನ್ನು ನಕಲು ಅಂದುಕೊಂಡು ಅಳಿಸಿದೆ! ಉಳಿದದ್ದು ಅರ್ಧ ಇಳಿದ ತುಂಡು. ಜೋಡಿಸಿದ ಮೇಲೆ ಅರ್ಥಧಾರಿಗಳ ಮಾತು ನಡುವೆ ಕತ್ತರಿಸಿ ಬೇರೆ ಸಂದರ್ಭಕ್ಕೆ ಹೋಗುತ್ತಿತ್ತು. ಎರಡು ದಿನ ರೆಕಾರ್ಡಿಂಗ್ ಮಾಡಿದವರನ್ನೇ ಬೈದೆ.

ಮುಂದಿನ ಸಲಕ್ಕೆ 7-Zip ಬಳಸಿ, ಹೆಸರಿನ ಗೊಡವೆಯೇ ಇಲ್ಲ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ Add to archive ತೆಗೆಯಿರಿ. Compression level ಅನ್ನುವಲ್ಲಿ Store ಆರಿಸಿ. ಕೆಳಗೆ Split to volumes ಅಂತ ಒಂದು ಖಾನೆ ಇದೆ, ಅಲ್ಲಿ 1900m ಅಂತ ಟೈಪ್ ಮಾಡಿ. ತುಂಡುಗಳ ಹೆಸರು .7z.001, .7z.002 ಅಂತ ಮೂರಂಕಿಯಲ್ಲೇ ಬರುತ್ತದೆ. ಅಣ್ಣ ಎಲ್ಲವನ್ನೂ ಒಂದು ಫೋಲ್ಡರಿನಲ್ಲಿ ಇಟ್ಟು 001 ಒಂದರ ಮೇಲೆ Extract ಕೊಟ್ಟರೆ ಉಳಿದವನ್ನು ಅದೇ ಹುಡುಕಿ ಜೋಡಿಸುತ್ತದೆ. ಒಂದು ತುಂಡು ಕೆಟ್ಟಿದ್ದರೂ ಸುಮ್ಮನಿರದೆ ದೂರು ಹೇಳುತ್ತದೆ. ಒಂದೇ ತೊಂದರೆ, ಒಳಗೆ ಏನಿದೆ ಅನ್ನುವ ಪಟ್ಟಿಯನ್ನು ಅದು ಕೊನೆಯಲ್ಲಿ ಬರೆದಿಡುತ್ತದೆ. ಹಾಗಾಗಿ ಕೊನೆಯ ತುಂಡು ಬರುವ ತನಕ ತೆರೆಯಲು ಹೋಗಬೇಡಿ.

Store ಯಾಕೆ ಅಂತ ಕೇಳಬಹುದು. ಜಿಪ್ ಮಾಡಿದರೆ ಸೈಜ್ ಅರ್ಧ ಆಗುತ್ತದೆ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಬರಹದ ಫೈಲಿಗೆ ಆ ಮಾತು ಸರಿ. ವಿಡಿಯೋ ಮೊದಲೇ ಹಿಂಡಿ ಒಣಗಿಸಿದ ಬಟ್ಟೆ, ಮತ್ತೆ ಹಿಂಡಿದರೆ ನೀರು ಬರುವುದಿಲ್ಲ. ಕಂಪ್ಯೂಟರ್ ಬಿಸಿ ಆಗುತ್ತದೆ, ಹೊತ್ತು ಹೋಗುತ್ತದೆ, ಸೈಜ್ ಹೆಚ್ಚುಕಮ್ಮಿ ಅಷ್ಟೇ.

1900 ಯಾಕೆ ಅಂದರೆ ವಾಟ್ಸಾಪ್‌ನಲ್ಲಿ ಒಂದು ಫೈಲಿಗೆ 2 ಜಿಬಿ ಮಿತಿ. ಟೆಲಿಗ್ರಾಂನಲ್ಲೂ ದುಡ್ಡು ಕೊಡದವರಿಗೆ ಅಷ್ಟೇ. 2 ಜಿಬಿಯನ್ನು ಒಬ್ಬೊಬ್ಬರು ಒಂದೊಂದು ತರ ಎಣಿಸುತ್ತಾರೆ, 1900 ಎರಡೂ ಲೆಕ್ಕದಲ್ಲಿ ಒಳಗೆ ಬರುತ್ತದೆ. ಕಳಿಸುವಾಗ ಡಾಕ್ಯುಮೆಂಟ್ ಅಂತಲೇ ಕಳಿಸಿ. ಫೋನಿನಲ್ಲಿ ಇಳಿಸಿದರೆ ಹೆಸರು ಬದಲಾಗಿ ಕೂತಿರುವುದುಂಟು. ಕಂಪ್ಯೂಟರಿಗೇ ಇಳಿಸಿಕೊಳ್ಳುವುದು ಒಳ್ಳೆಯದು.

ಮಾಷ್ಟ್ರು ವಿಡಿಯೋ ಕತ್ತರಿಸುವ ಸಾಫ್ಟ್‌ವೇರ್ ಹೆಸರು ಕೊಟ್ಟು 45 ನಿಮಿಷದ ಕಂತು ಮಾಡಿ ಅಂದಿದ್ದಾರೆ. ಮಾಷ್ಟ್ರೇ, ಅದು ಬೇರೆ ಕೆಲಸ. ಅಲ್ಲಿ ಪ್ರತಿ ಕಂತೂ ತಾನೇ ಓಡುವ ವಿಡಿಯೋ. ಇಲ್ಲಿನ ತುಂಡು ಅಕ್ಕಿ ಮೂಟೆಯನ್ನು ಹನ್ನೆರಡು ಚೀಲಕ್ಕೆ ಸುರಿದ ಹಾಗೆ, ಒಳಗಿನದ್ದು ಏನು ಅಂತ ನೋಡದೆ ಸೈಜ್ ಅಳೆದು ಕಡಿದದ್ದು. ಎರಡನೇ ತುಂಡನ್ನು ಒಂದೇ ತೆರೆದರೆ ಸಾಮಾನ್ಯವಾಗಿ ಓಡುವುದಿಲ್ಲ. ನೋಡುವುದಕ್ಕೆ ಮಾತ್ರ ಆದರೆ ನಿಮ್ಮ ಕಂತೇ ಅನುಕೂಲ, ಪ್ರಸಂಗ ಪ್ರಸಂಗವಾಗಿ ಬೇರೆ ಮಾಡಬಹುದು. ಸಂಗ್ರಹಕ್ಕೆ ಮೂಲ ಫೈಲ್ ಬೇಕಾದರೆ ಆಗುವುದಿಲ್ಲ. ಅಣ್ಣನಿಗೆ ಯಾವುದು ಬೇಕು ಅಂತ ಯಾರೂ ಕೇಳಿದ ಹಾಗಿಲ್ಲ.

ಅಡಿಕೆ ತೋಟದ ಡ್ರೋನ್ ನಕ್ಷೆ 6 ಜಿಬಿ, 32 ಜಿಬಿ ಪೆನ್‌ಡ್ರೈವ್ ಖಾಲಿ ಇದ್ದರೂ ಹೋಗುವುದಿಲ್ಲ ಅಂದ ಅಕ್ಕ, ನಿಮ್ಮದಕ್ಕೆ ತುಂಡು ಮಾಡುವುದೇ ಬೇಡ. ಪೆನ್‌ಡ್ರೈವ್ FAT32 ಆಗಿರಬೇಕು, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಅದರಲ್ಲಿರುವುದನ್ನು ಬೇರೆ ಕಡೆ ಇಟ್ಟುಕೊಂಡು exFAT ಅಂತ ಫಾರ್ಮ್ಯಾಟ್ ಮಾಡಿ.

ಲಿನಕ್ಸ್‌ನವರಿಗೆ ಇದೆಲ್ಲ ಎರಡು ಸಾಲು:

```
split -b 1900M -d -a 3 yaksha.mkv yaksha.mkv.
cat yaksha.mkv.??? > jodi.mkv
```

ಶೆಟ್ರು "64 ಜಿಬಿ ಕಾರ್ಡಿಗೆ ಹಾಕಿ ಊರಿಗೆ ಬಂದವರ ಕೈಯಲ್ಲಿ ಕಳಿಸಿ, ಒಂದು ದಿನದ ಕೆಲಸ" ಅಂತ ನಕ್ಕಿದ್ದಾರೆ. ತಪ್ಪೇನಿಲ್ಲ ಶೆಟ್ರೇ. ನನ್ನ ಮನೆಯ ಲೈನಿನಲ್ಲಿ 22 ಜಿಬಿ ಅಪ್‌ಲೋಡ್ ಆಗಲು ಎರಡು ರಾತ್ರಿ ಬೇಕು. ಆದರೆ ಇವರ ತುಂಡುಗಳು ಈಗಾಗಲೇ ಮಸ್ಕತ್ ಮುಟ್ಟಿವೆ, ಈಗ ಕಾರ್ಡ್ ಯಾಕೆ?

ಅಣ್ಣ ಇವತ್ತು ರಾತ್ರಿ ಜೋಡಿಸಿದರೆ ಎರಡೂ ಕಡೆಯ 64 ಅಕ್ಷರದ ಸಾಲು ಇಲ್ಲೇ ಹಾಕಿ. ಹೊಂದದಿದ್ದರೆ ಹನ್ನೆರಡು ತುಂಡಿನ ಬೈಟ್ ಅಂಕಿಯನ್ನೂ ಹಾಕಿ, ಯಾವುದು ಕೆಟ್ಟಿದೆ ಅಂತ ನೋಡೋಣ.