ಒಳ್ಳೇದು-ಕೆಟ್ಟದ್ದು ಮೀಟರ್ ಮತ್ತೆ ಗೇಮ್ ಕ್ಯಾರೆಕ್ಟರ್‌ಗಳು

ಪ್ರಶ್ನೆ: ನಮ್ಮ ಆಯ್ಕೆ ಒಳ್ಳೇದಾ ಕೆಟ್ಟದ್ದಾ ಅಂತ ಲೆಕ್ಕ ಇಡೋ ಮೀಟರ್ ಇರೋ ಗೇಮಲ್ಲಿ ಕ್ಯಾರೆಕ್ಟರ್ ಜೊತೆ ಅಟ್ಯಾಚ್‌ಮೆಂಟ್ ಜಾಸ್ತಿ ಆಗುತ್ತಾ, ಕಮ್ಮಿನಾ?

ಮೀಟರ್ ಡೈಲಾಗಿಗೇ ಬೀಗ ಹಾಕಿದ್ರೆ ಕಮ್ಮಿ ಆಗುತ್ತೆ ಅನ್ನೋದು ನನ್ನ ಅಭಿಪ್ರಾಯ. 2010ರ ಮಾಸ್ ಎಫೆಕ್ಟ್ 2 ತಗೊಳ್ಳಿ, ಅದ್ರಲ್ಲಿ ನಮ್ಮ ಟೀಮಲ್ಲೇ ಇರೋ ಮಿರಾಂಡಾಗೂ ಜ್ಯಾಕ್‌ಗೂ ಜೋರು ಜಗಳ ಆಗುತ್ತೆ, ಆಗ ಒಳ್ಳೇತನದ ಪ್ಯಾರಗನ್ ಇಲ್ಲಾ ಒರಟುತನದ ರೆನೆಗೇಡ್ ಮೀಟರ್ ಯಾವ್ದಾದ್ರೂ ಒಂದು ಸಾಕಷ್ಟು ತುಂಬಿದ್ರೆ ಮಾತ್ರ ಇಬ್ರನ್ನೂ ಸಮಾಧಾನ ಮಾಡೋ ಆಪ್ಷನ್ ಓಪನ್ ಆಗುತ್ತೆ. ಇಲ್ಲಾಂದ್ರೆ ಒಬ್ಬರ ಪರ ನಿಂತ್ರೆ ಇನ್ನೊಬ್ರ ಲಾಯಲ್ಟಿ ಹೋಗುತ್ತೆ, ಅದನ್ನ ಆಮೇಲೆ ಸರಿಮಾಡ್ಕೊಳ್ದೇ ಇದ್ರೆ ಕೊನೇ ಮಿಷನ್ನಲ್ಲಿ ಅವ್ರು ಸಾಯೋ ಚಾನ್ಸ್ ಜಾಸ್ತಿ.

ಇಲ್ಲಿ ತುಮಕೂರಲ್ಲಿ ನಮ್ಮ ರೂಮಲ್ಲಿ ತಮ್ಮ ಆಡೋವಾಗ ನೋಡ್ದೆ, ಅವ್ನು ಒಬ್ಬೊಬ್ಬರಿಗೆ ಏನು ಸರಿ ಅನ್ಸುತ್ತೋ ಹಾಗೆ ಮಿಕ್ಸ್ ಮಾಡಿ ಉತ್ತರ ಕೊಡ್ತಿದ್ದ, ಹಂಗಾಗಿ ಎರಡೂ ಕಡೆ ಅರ್ಧಂಬರ್ಧ ತುಂಬಿ ಆ ಆಪ್ಷನ್ ಮಂಕಾಗೇ ಉಳೀತು. ಅಲ್ಲಿಂದ ಮುಂದೆ ಎದುರಿರೋರು ಏನ್ ಹೇಳ್ತಿದಾರೆ ಅಂತ ಓದೋದನ್ನೇ ಬಿಟ್ಟು ಬರೀ ಪ್ಯಾರಗನ್ ಉತ್ತರ ಇರೋ ಮೇಲಿನ ಸಾಲು ಒತ್ತೋಕೆ ಶುರು ಮಾಡ್ದ, ನಂಗೆ ನಿಜವಾಗ್ಲೂ ಬೇಜಾರಾಯ್ತು.

2009ರ ಡ್ರ್ಯಾಗನ್ ಏಜ್: ಒರಿಜಿನ್ಸಲ್ಲಿ ಇಂಥ ಕಾಮನ್ ಮೀಟರ್ ಇಲ್ಲ, ಜೊತೆಗಿರೋ ಪ್ರತಿಯೊಬ್ರಿಗೂ ನಮ್ಮನ್ನ ಎಷ್ಟು ಮೆಚ್ಚಿದಾರೆ ಅಂತ ತೋರ್ಸೋ ಬೇರೆ ಬೇರೆ ಅಪ್ರೂವಲ್. ಪುಕ್ಕಟೆ ಸಹಾಯ ಮಾಡಿದ್ರೆ ಜೊತೆಗಾರ್ತಿ ಮಾರಿಗನ್‌ಗೆ ಸಾಮಾನ್ಯವಾಗಿ ಇಷ್ಟ ಆಗಲ್ಲ, ಇನ್ನೊಬ್ಬ ಜೊತೆಗಾರ ಆಲಿಸ್ಟರ್‌ಗೆ ಖುಷಿ, ಹಂಗಾಗಿ ಉತ್ತರ ಕೊಡೋಕ್ ಮುಂಚೆ ಪಕ್ಕದಲ್ಲಿ ಯಾರಿದಾರೆ ಅಂತ ನೋಡ್ಲೇಬೇಕು.